ಮೊದಲ ಸಂದರ್ಶನ ಅಧ್ಯಯನದ ಡೈರಿ: ಬ್ಯಾಡಗಿ ಪೇಟೆಯಲ್ಲಿ ನಾನು ಕೇಳಿದ್ದು, ಅವರು ಹೇಳಿದ್ದು

ಬೆಟಗೇರಿ ಓದುಗಿ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಸಮಾಜಶಾಸ್ತ್ರ ಎಂ.ಎ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ತುಂಬು, ಅಂದರೆ ಕಾಯಿಯ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳ ದುಡಿಮೆ ನನ್ನ ಪ್ರಬಂಧದ ವಿಷಯ. ಕ್ಷೇತ್ರಕಾರ್ಯ ಮುಗಿದ ಮೇಲೆ ಏನು ತಪ್ಪಾಯಿತು, ಏನು ಕಲಿತೆ ಅಂತ ಡೈರಿ ಬರೆದು ಕೊಡಬೇಕು. ಬರೆದದ್ದರಲ್ಲಿ ಮುಖ್ಯ ಭಾಗ ಇಲ್ಲಿ ಹಾಕುತ್ತಿದ್ದೇನೆ. ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ, ಅನುಭವ ಇದ್ದವರು ದಯವಿಟ್ಟು ಹೇಳಿ.

ಸಂದರ್ಶನಕ್ಕೆ ಪ್ರಶ್ನೆಗಳ ಪಟ್ಟಿಯನ್ನು ಹಾಸ್ಟೆಲ್‌ನಲ್ಲಿ ಕೂತು ತಯಾರು ಮಾಡಿದೆ. ‘ನಿಮ್ಮ ಕೆಲಸದ ಪರಿಸ್ಥಿತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು’, ‘ಆರೋಗ್ಯದ ಮೇಲೆ ಯಾವ ಪರಿಣಾಮಗಳಾಗಿವೆ’ ಹೀಗೆ. ಪ್ರಬಂಧದ ಅಧ್ಯಾಯಗಳ ಹೆಸರನ್ನೇ ಪ್ರಶ್ನೆ ಮಾಡಿದ್ದೆ ಅಂತ ಈಗ ಗೊತ್ತಾಗುತ್ತದೆ. ಪೇಟೆಯಲ್ಲಿ ಪರಿಚಯದವರು ಯಾರೂ ಇರಲಿಲ್ಲ. ಒಂದು ದಲಾಲಿ ಅಂಗಡಿಯ ಗುಮಾಸ್ತರು ತಾವೇ ಮುಂದೆ ಬಂದು, ‘ಇಲ್ಲೇ ಕುಂದರ್ರಿ, ನಾ ಕರಸ್ತೀನಿ’ ಅಂದರು. ಸೋಮವಾರ, ಪೇಟೆಯ ದಿನ. ಹೊರಗೆ ಲಾರಿಗಳ ಸಾಲು, ಒಳಗೆ ಎದೆಯೆತ್ತರದ ರಾಶಿ. ಗುಮಾಸ್ತರು ಪಕ್ಕದಲ್ಲೇ ಲೆಕ್ಕದ ಪುಸ್ತಕ ಹಿಡಿದು ಕೂತರು. ಅವರ ಸಹಾಯ ನನಗೆ ಉಪಕಾರವಾಗಿಯೇ ಕಂಡಿತ್ತು. ಮೊದಲ ಸಂದರ್ಶನದ ಒಂದು ತುಣುಕು ಹೀಗಿದೆ:

ನಾನು: ನಿಮ್ಮ ಕೆಲಸದ ಪರಿಸ್ಥಿತಿ ಬಗ್ಗೆ ನಿಮ್ಮ ಅಭಿಪ್ರಾಯ ಏನು?
ಅವರು: ಚಲೋ ಐತ್ರಿ.
ನಾನು: ಕೂಲಿ ಕಡಿಮೆ ಅನಸಂಗಿಲ್ಲೇನ್ರಿ?
ಅವರು: ಹೂಂನ್ರಿ, ಕಡಿಮಿನ ಐತಿ.
ನಾನು: ದಿನಕ್ಕೆ ಎಷ್ಟು ಬರ್ತದ?
ಅವರು: ಮುನ್ನೂರು ಬರತೈತ್ರಿ.
ನಾನು: ಕೈ ಉರಿ, ಕೆಮ್ಮು ಇರಬೇಕಲ್ಲ?
ಅವರು: ರೂಢಿ ಆಗೇತ್ರಿ.

ಕೇಳುವಾಗ ಎಲ್ಲ ಸರಿಯಾಗಿ ನಡೆದಿದೆ ಅನಿಸಿತ್ತು. ಪಟ್ಟಿಯ ಎಲ್ಲ ಪ್ರಶ್ನೆಗಳಿಗೂ ಉತ್ತರ ಬಂದಿತ್ತಲ್ಲ. ರಾತ್ರಿ ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳಲು ಕೂತಾಗ ಗೊತ್ತಾಯಿತು, ಅದರಲ್ಲಿ ಅವರ ಮಾತಿಗಿಂತ ನನ್ನ ಮಾತೇ ಹೆಚ್ಚು. ಮೊದಲು ‘ಚಲೋ ಐತಿ’ ಅಂದವರು ಮರುಕ್ಷಣ ‘ಕಡಿಮಿ ಐತಿ’ ಅಂದರು. ಎರಡೂ ಅವರ ಮಾತಲ್ಲ. ಒಂದು ಗುಮಾಸ್ತರಿಗೆ ಹೇಳಿದ್ದು, ಇನ್ನೊಂದು ನನ್ನ ಪ್ರಶ್ನೆಗೆ ಹೂಂಗುಟ್ಟಿದ್ದು. ಕೈ ಉರಿಯ ವಿಷಯವನ್ನಂತೂ ನಾನೇ ಎತ್ತಿ ನಾನೇ ಮುಗಿಸಿದ್ದೆ. ಅವರು ‘ರೂಢಿ ಆಗೇತ್ರಿ’ ಅಂದ ಮೇಲೆ ಉಸಿರು ಎಳೆದುಕೊಂಡದ್ದು ಕೇಳಿಸುತ್ತದೆ, ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ನಾನು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ.

ಆ ವಾರದ ಉಳಿದ ಸಂದರ್ಶನಗಳೂ ಇದೇ ದಾರಿ ಹಿಡಿದವು. ಬೇರೆಬೇರೆಯವರು, ಆದರೆ ಎಲ್ಲರದೂ ಮುನ್ನೂರು, ಎಲ್ಲರಿಗೂ ರೂಢಿ. ಒಂದೇ ಉತ್ತರ ಮತ್ತೆಮತ್ತೆ ಬಂದದ್ದರಿಂದ ವಿಷಯ ಖಚಿತವಾಯಿತು ಅಂತ ಆಗ ಟಿಪ್ಪಣಿ ಬರೆದಿದ್ದೆ. ಉತ್ತರ ಒಂದೇ ಆಗಲು ನನ್ನ ಪ್ರಶ್ನೆ ಮತ್ತು ಆ ಜಾಗ ಕಾರಣ ಇರಬಹುದು ಅನ್ನುವುದು ಹೊಳೆಯಲೇ ಇಲ್ಲ.

ಬದಲಾವಣೆ ಬಂದದ್ದು ಅದೇ ಮೊದಲ ಅಕ್ಕಾರಿಂದ. ಪೇಟೆಯಿಂದ ಹೊರಗೆ ಸಿಕ್ಕಾಗ, ‘ಅಲ್ಲಿ ಏನ್ ಹೇಳೂದೈತಿ ಯವ್ವಾ, ಮನೀ ಕಡೆ ಬಾ’ ಅಂದರು. ಹೋದೆ. ಈ ಸಲ ಪಟ್ಟಿಯನ್ನು ಚೀಲದಿಂದ ತೆಗೆಯಲಿಲ್ಲ. ‘ನಿನ್ನಿ ಮುಂಜಾನೆ ಎದ್ದಾಗಿಂದ ಏನೇನಾತು ಹೇಳ್ರಿ’ ಅಂತ ಒಂದೇ ಪ್ರಶ್ನೆ ಕೇಳಿದೆ. ಬಂದ ಉತ್ತರದಲ್ಲಿ ಸ್ವಲ್ಪ ಇಲ್ಲಿದೆ:

‘ನಿನ್ನಿ ಹೋಗೂದ ತಡಾ ಆತು. ಮೊಮ್ಮಗಳಿಗೆ ಜ್ವರ ಇತ್ತು, ಗಂಜಿ ಕುಡಿಸಿ ಹೋದ್ನಿ. ಹೋಗೂದ್ರಾಗ ಚಲೋ ರಾಶಿ ಎಲ್ಲಾ ಮೊದಲ ಬಂದವ್ರು ಹಿಡಕೊಂಡಿದ್ರು. ನನಗ ಸಣ್ಣ ಕಾಯಿ ಬಂತು. ಸಣ್ಣ ಕಾಯಿ ಅಂದ್ರ ಕಿಲೋಕ್ಕ ತುಂಬು ಜಾಸ್ತಿ ಅಲ್ಲಾ, ಕೈ ಅಷ್ಟ ಓಡ್ತಾವು, ತೂಕ ಏರಂಗಿಲ್ಲ. ಸಂಜೀಕ ತೂಗಿದ್ರ ಹದಿನಾಲ್ಕ ಕಿಲೋ. ನೂರಾ ನಲವತ್ತು ಬರಕೊಂಡ್ರು. ರೊಕ್ಕ ಕೊಟ್ಟಿಲ್ಲ, ಮುಂಗಡದಾಗ ಮುರಕೊಂಡ್ರು.’

ನಾನು ಕೇಳಿದೆ: ಮುನ್ನೂರು ಅಂದಿದ್ರಲ್ಲ ಅಕ್ಕಾರ? ಅದಕ್ಕೆ ಅವರು, ‘ಅದೂ ಖರೆನ. ಡಬ್ಬಿ ದಪ್ಪ ಕಾಯಿ ಸಿಕ್ಕು, ಮುಂಜಾನೆ ಲಗೂ ಹೋಗಿ, ದೀಪಾ ಹಚ್ಚೂತನಾ ಕುಂತ್ರ ಮೂವತ್ತ ಕಿಲೋ ಆಗತೈತಿ. ಅಂಥಾ ದಿನಾ ಎಷ್ಟ ಬರತಾವು?’ ಅಂದರು.

ಮುನ್ನೂರು ಸುಳ್ಳಾಗಿರಲಿಲ್ಲ. ಅದು ಅತಿ ಒಳ್ಳೆಯ ದಿನದ ಲೆಕ್ಕ. ‘ದಿನಕ್ಕೆ ಎಷ್ಟು’ ಅಂತ ಕೇಳಿದರೆ ಯಾರೂ ಮನಸ್ಸಿನಲ್ಲೇ ಸರಾಸರಿ ತೆಗೆದು ಹೇಳುವುದಿಲ್ಲ, ಕಿಲೋಕ್ಕೆ ಹತ್ತರ ಹಾಗೆ ಪೂರ್ತಿ ದಿನದ ದರ ಹೇಳುತ್ತಾರೆ. ನಿನ್ನೆಯ ಬಗ್ಗೆ ಕೇಳಿದಾಗ ಮೊಮ್ಮಗಳ ಜ್ವರ, ರಾಶಿ ಹಂಚಿಕೆ, ಕಾಯಿಯ ಗಾತ್ರ, ಮುಂಗಡ ನಾಲ್ಕೂ ತಾವಾಗಿಯೇ ಬಂದವು. ಇವುಗಳಲ್ಲಿ ಒಂದೂ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಇನ್ನೊಂದು ವಿಷಯ. ಒಂದು ತಾಸಿನ ಮಾತನ್ನು ಬರೆದಿಳಿಸಲು ಕೈಪಳಗಿದವರಿಗೇ ನಾಲ್ಕು ತಾಸು ಬೇಕಂತೆ, ನನಗೆ ಇಡೀ ದಿನ ಹಿಡಿಯಿತು. ಬೇಗ ಮುಗಿಸಬೇಕೆಂದು ‘ಹೋದ್ನಿ’ಯನ್ನು ‘ಹೋದೆನು’ ಮಾಡುತ್ತ, ‘ಅಲ್ಲಾ’, ‘ಅಂದ್ರ’ ಎಲ್ಲ ತೆಗೆಯುತ್ತ ಬರೆದೆ. ಮತ್ತೆ ಓದಿದರೆ ಎಲ್ಲರೂ ಒಂದೇ ಹೆಂಗಸಿನ ಹಾಗೆ, ಅದೂ ಪಠ್ಯಪುಸ್ತಕದ ಹೆಂಗಸಿನ ಹಾಗೆ ಕಂಡರು. ಈಗ ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ.

ನನ್ನ ಪ್ರಶ್ನೆಗಳು: ಅಂಗಡಿಯಲ್ಲಿ ಮಾಡಿದ ಸಂದರ್ಶನಗಳನ್ನು ಪ್ರಬಂಧದಿಂದ ಬಿಟ್ಟುಬಿಡಬೇಕೇ? ಮತ್ತು ಬರೆದಿಳಿಸುವಾಗ ಆಡುಮಾತನ್ನು ಎಷ್ಟು ಉಳಿಸಬೇಕು?

---

ವಿದ್ಯಾನಗರ ಸಂಶೋಧಕ

ಡೈರಿ ಚೆನ್ನಾಗಿದೆ. ಅಂಗಡಿಯ ಸಂದರ್ಶನಗಳನ್ನು ತೆಗೆದುಹಾಕಿ, ಯೋಚನೆ ಬೇಡ. ಅವು ಕೆಟ್ಟ ಮಾಹಿತಿ. ಹೊಸದಾಗಿ 12 ಜನರನ್ನು ಮನೆಯಲ್ಲಿ ಮಾತನಾಡಿಸಿದರೆ ಸಾಕು. 12 ಆದ ಮೇಲೆ ಹೊಸ ವಿಷಯ ಬರುವುದಿಲ್ಲ ಅಂತ ಸಂಶೋಧನೆಯೇ ಇದೆ, ಪರೀಕ್ಷಕರು ಕೇಳಿದರೆ ಅದನ್ನೇ ಹೇಳಬಹುದು.

---

ಹುಬ್ಬಳ್ಳಿ ಕಿರಣ

ನನಗೂ ಮೊನ್ನೆ ಒಂದು ಕಂಪನಿಯಾಗ ಮೊದಲನೇ ಸಂದರ್ಶನ ಇತ್ರಿ. ನಿಮ್ಮಂಗ ಗಾಬರಿ ಆಗಿ ಕೇಳಿದ್ದಕ್ಕೆಲ್ಲಾ ‘ಹೌದ್ರಿ’ ಅಂತ ಬಂದ್ನಿ. ‘ನಿಮ್ಮ ದುರ್ಬಲತೆ ಏನು’ ಅಂತ ಕೇಳಿದ್ರ ಏನ್ ಹೇಳಬೇಕ್ರಿ? ಯಾರಿಗೆರೆ ಗೊತ್ತಿದ್ರ ತಿಳಿಸ್ರಿ.

---

ಬೆಟಗೇರಿ ಓದುಗಿ

ಕಿರಣ ಅಣ್ಣಾರ, ಇದು ನೌಕರಿ ಸಂದರ್ಶನ ಅಲ್ರಿ, ಅಧ್ಯಯನಕ್ಕಾಗಿ ನಾನು ಬೇರೆಯವರನ್ನು ಕೇಳಿದ್ದು. ನಿಮ್ಮ ಪ್ರಶ್ನೆ ಬೇರೆ ಎಳೆಯಲ್ಲಿ ಹಾಕಿದರೆ ಗೊತ್ತಿದ್ದವರು ಹೇಳುತ್ತಾರೆ. ಆದರೂ ನೀವು ಬರೆದದ್ದು ಓದಿ ಒಂದು ವಿಷಯ ತಿಳಿಯಿತು. ಕೇಳುವವರ ಕೈಯಲ್ಲಿ ಅಧಿಕಾರ ಇದೆ ಅನಿಸಿದಾಗ ನಾವೆಲ್ಲ ‘ಹೌದ್ರಿ’ ಅಂತೀವಿ. ಆ ಅಕ್ಕಾರಿಗೆ ನಾನೂ ಹಾಗೆಯೇ ಕಂಡಿರಬೇಕು.

---

ಮಾಳಮಡ್ಡಿ

ತಂಗಿ, ಬಹಳ ವರ್ಷ ಈ ಭಾಗದ ಹಳ್ಳಿಗಳಲ್ಲಿ ಇದೇ ಕೆಲಸ ಮಾಡಿದವಳು ನಾನು. ನಿನ್ನ ಮೊದಲ ಪ್ರಶ್ನೆಗೆ ಮೊದಲು ಬರುತ್ತೇನೆ: ಅಂಗಡಿಯ ಸಂದರ್ಶನಗಳನ್ನು ಬಿಡಬೇಡ.

ನಿನ್ನ ಕೈಯಲ್ಲಿ ಈಗ ಅಪರೂಪದ ವಸ್ತು ಇದೆ. ಒಬ್ಬರೇ ಅಕ್ಕ, ಒಂದೇ ವಿಷಯ, ಎರಡು ಜಾಗ, ಎರಡು ಉತ್ತರ. ಗುಮಾಸ್ತರ ಮುಂದೆ ಏನು ಹೇಳಬಹುದು, ಏನು ಹೇಳಬಾರದು ಅನ್ನುವುದು ಆ ಹೆಣ್ಣುಮಕ್ಕಳ ಕೆಲಸದ ಸ್ಥಿತಿಯ ಒಂದು ಭಾಗವೇ. ಅಲ್ಲಿ ಮುಂಗಡದ ಮಾತು ಬರಲಿಲ್ಲ, ಮನೆಯಲ್ಲಿ ಬಂತು. ಯಾಕಿರಬಹುದು? ಮುಂಗಡ ಕೊಟ್ಟವರ ಲೆಕ್ಕದ ಪುಸ್ತಕ ಪಕ್ಕದಲ್ಲೇ ಇತ್ತು. ಇದನ್ನು ಪ್ರಬಂಧದಲ್ಲಿ ಹಾಗೆಯೇ ಬರೆ. ಆದರೆ ಅಂಗಡಿಯ ಉತ್ತರಗಳನ್ನು ಕೂಲಿಯ ಅಂಕಿಅಂಶವಾಗಿ ಬಳಸಬೇಡ. ‘ಬಹುತೇಕರು ದಿನಕ್ಕೆ 300 ಗಳಿಸುತ್ತಾರೆ’ ಅಂತ ಬರೆದರೆ ಅದು ತಪ್ಪಾಗುತ್ತದೆ. ‘ಅಂಗಡಿಯಲ್ಲಿ ಕೇಳಿದಾಗ ಎಲ್ಲರೂ 300 ಅಂದರು’ ಅಂತ ಬರೆದರೆ ಅದು ನಿಜ.

ಇದಕ್ಕೆ ಒಂದು ರೂಢಿ ಮಾಡಿಕೋ. ಪ್ರತಿ ಬರಹದ ಮೇಲ್ಭಾಗದಲ್ಲಿ ಎಲ್ಲಿ ಕೂತಿದ್ದು, ಯಾರು ಯಾರು ಇದ್ದರು, ಯಾರು ಯಾವಾಗ ಎದ್ದು ಹೋದರು, ಯಾರು ಕರೆದುಕೊಂಡು ಬಂದರು, ಎಲ್ಲ ಅಂದೇ ಬರೆದಿಡು. ಎರಡು ದಿನ ಬಿಟ್ಟರೆ ಮರೆತುಹೋಗುತ್ತದೆ. ಗುಮಾಸ್ತರು ನಡುವೆ ಚಹಾಕ್ಕೆ ಎದ್ದು ಹೋಗಿದ್ದರೆ ರೆಕಾರ್ಡಿಂಗ್‌ನ ಆ ಜಾಗ ಮತ್ತೆ ಕೇಳು. ಉತ್ತರ ಉದ್ದವಾಗಿದೆಯೇ, ದನಿ ಬದಲಾಗಿದೆಯೇ ನೋಡು.

ವಿದ್ಯಾನಗರದವರು ಹೇಳಿದ 12ರ ಬಗ್ಗೆ. ಆ ಅಧ್ಯಯನ 2006ರದು. ಘಾನಾ ಮತ್ತು ನೈಜೀರಿಯಾದ ಹೆಂಗಸರ ಜೊತೆ ಮಾಡಿದ 60 ಸಂದರ್ಶನಗಳನ್ನು ಆರಾರರ ಕಂತಿನಲ್ಲಿ ವಿಶ್ಲೇಷಿಸುತ್ತ ಹೋದಾಗ ಮುಖ್ಯ ವಿಷಯಗಳು ಮೊದಲ 12ರಲ್ಲೇ ಬಹುಪಾಲು ಬಂದಿದ್ದವು. ಅದು ನಿಜ. ಆದರೆ ಅಲ್ಲಿ ಗುಂಪು ಹೆಚ್ಚುಕಡಿಮೆ ಒಂದೇ ಥರದ್ದು, ಎಲ್ಲರಿಗೂ ಒಂದೇ ರೀತಿಯ ಪ್ರಶ್ನೆ. ಬ್ಯಾಡಗಿಯಲ್ಲಿ ಅಂಗಡಿಯಲ್ಲಿ ಕೂತು ಬಿಡಿಸುವವರು ಬೇರೆ, ಮನೆಗೆ ಚೀಲ ತಂದು ಬಿಡಿಸುವವರು ಬೇರೆ, ಸುಗ್ಗಿಗೆ ಮಾತ್ರ ಹೊರಗಿಂದ ಬರುವವರು ಬೇರೆ. ಮೂರನ್ನೂ ಕಲಸಿ 12 ಅಂದರೆ ಒಂದೊಂದು ಗುಂಪಿಗೆ ನಾಲ್ಕು ಜನ. ಅದಕ್ಕಿಂತ ದೊಡ್ಡ ಮಾತು ತಂಗಿ ಆಗಲೇ ಬರೆದಿದ್ದಾಳೆ. ಅಂಗಡಿಯಲ್ಲಿ ಅವಳಿಗೆ ಬೇಗನೆ ‘ಹೊಸದೇನೂ ಬರುತ್ತಿಲ್ಲ’ ಅನಿಸಿತ್ತು. ಪ್ರಶ್ನೆ ಮೊಂಡಾಗಿದ್ದರೆ ಮೂರನೆಯವರಿಗೇ ಎಲ್ಲ ಮುಗಿದಂತೆ ಕಾಣುತ್ತದೆ.

---

ವಿದ್ಯಾನಗರ ಸಂಶೋಧಕ

ಒಂದೇ ಥರದ ಗುಂಪು ಅನ್ನುವ ಮಾತನ್ನು ನಾನು ಗಮನಿಸಿರಲಿಲ್ಲ, ಒಪ್ಪುತ್ತೇನೆ ಮೇಡಂ. ಆದರೆ ಅಂಗಡಿಯ ಸಂದರ್ಶನ ಉಳಿಸುವುದರ ಬಗ್ಗೆ ನನಗೆ ಇನ್ನೂ ಅನುಮಾನ ಇದೆ. ಎರಡು ಜಾಗದ ಉತ್ತರ ಇರುವುದು ಒಬ್ಬರದು ಮಾತ್ರ. ಉಳಿದವರನ್ನು ಅಂಗಡಿಯಲ್ಲಷ್ಟೇ ಕೇಳಿದ್ದಾರೆ. ಅವರು ಮನೆಯಲ್ಲಿ ಬೇರೆ ಹೇಳುತ್ತಿದ್ದರು ಅಂತ ನಾವು ಊಹಿಸುತ್ತಿದ್ದೇವೆ ಅಷ್ಟೇ.

---

ಮಾಳಮಡ್ಡಿ

ಅದು ಸರಿಯಾದ ಆಕ್ಷೇಪ. ಸಾಧ್ಯವಾದರೆ ಅವರಲ್ಲಿ ಇನ್ನಿಬ್ಬರು ಮೂವರನ್ನಾದರೂ ಮತ್ತೆ ಭೇಟಿಯಾಗಬೇಕು. ಆಗದಿದ್ದರೆ ಆ ಒಬ್ಬರ ವಿಷಯ ಒಬ್ಬರದು ಅಂತಲೇ ಬರೆಯಬೇಕು, ಎಲ್ಲರ ಮೇಲೆ ಹೊರಿಸಬಾರದು.

---

ಮೋಟೆಬೆನ್ನೂರ ಮಂಜು

ನಮ್ಮವ್ವ ಇದೇ ಕೆಲಸ ಮಾಡಿ ನನ್ನ ಓದಿಸ್ಯಾಳ್ರಿ. ಅದಕ್ಕ ಬರೀಬೇಕನಸ್ತು.

ನೀವು ಒಂದ ತಾಸು ಮಾತಾಡಿಸಿದ್ರಿ ಅಂದ್ರ ಅಕಿ ಒಂದ ತಾಸು ಕೈ ಬಿಟ್ಟಾಳ ಅಂತ ಅರ್ಥ. ಇದು ದಿನಗೂಲಿ ಅಲ್ಲ, ಕಿಲೋ ಲೆಕ್ಕ. ನಿಮ್ಮ ಲೆಕ್ಕದಾಗ ತಾಸಿಗೆ ಎರಡ ಮೂರ ಕಿಲೋ ಹೋತು. ಗುಮಾಸ್ತ ಕರದ್ರ ಒಲ್ಲೆ ಅನ್ನಾಕ ಬರಂಗಿಲ್ಲ, ಬಂದು ಕುಂದರ್ತಾರ, ಲಗೂ ಮುಗೀಲಿ ಅಂತ ‘ಚಲೋ ಐತಿ, ರೂಢಿ ಆಗೇತಿ’ ಅಂತಾರ. ಅಂಜಿಕೀಗೆ ಹಂಗ ಹೇಳಿದ್ರು ಅಂತ ನೀವು ತಿಳಕೊಂಡೀರಿ. ಅರ್ಧ ಅಂಜಿಕಿ ಇರಬಹುದು, ಇನ್ನರ್ಧ ಟೈಮಿನ ಲೆಕ್ಕ.

ಅದಕ್ಕ ಕರಸಬ್ಯಾಡ್ರಿ. ಅವ್ರು ಕುಂತಲ್ಲೇ ಹೋಗಿ ಕುಂದರ್ರಿ. ನೀವೂ ಒಂದ ಬುಟ್ಟಿ ತಗೊಂಡು ಬಿಡಸ್ರಿ. ಕೈ ಓಡ್ತಾವು, ಬಾಯಿನೂ ಓಡತೈತಿ. ಹೆಣ್ಣಮಕ್ಕಳು ಬಿಡಸೂವಾಗ ಹೆಂಗೂ ಮಾತಾಡ್ತಿರ್ತಾರ. ನೀವು ಬಿಡಿಸಿದ್ದು ಅವ್ರ ರಾಶಿಗೇ ಹಾಕ್ರಿ.

ಇನ್ನೊಂದು. ಮನ್ಯಾಗ ಮಾತಾಡಿಸಿದ್ರ ಎಲ್ಲಾ ಖರೆ ಬರತೈತಿ ಅಂತ ಭಾಳ ನಂಬಬ್ಯಾಡ್ರಿ. ಅಲ್ಲಿ ಗುಮಾಸ್ತ ಇದ್ದ, ಇಲ್ಲಿ ಅತ್ತಿ ಇರ್ತಾಳ, ಗಂಡ ಇರ್ತಾನ. ನಮ್ಮವ್ವ ಮುಂಗಡ ತಂದದ್ದು ನಮ್ಮಪ್ಪಗ ಎಷ್ಟೋ ವರ್ಷ ಗೊತ್ತಿರಲಿಲ್ಲ. ಪಡಸಾಲ್ಯಾಗ ಕುಂತು ನೀವು ಮುಂಗಡ ಕೇಳಿದ್ರ ಅಕಿ ಇಲ್ಲ ಅಂತಿದ್ಲು.

---

ಬೆಟಗೇರಿ ಓದುಗಿ

ಮಂಜು ಅಣ್ಣಾರ, ನೀವು ಬರೆದದ್ದನ್ನು ಮತ್ತೆಮತ್ತೆ ಓದಿದೆ. ಅವರ ಕೂಲಿಯ ಬಗ್ಗೆ ಅಧ್ಯಯನ ಮಾಡುತ್ತ ಅವರ ಕೂಲಿಯನ್ನೇ ಕಡಿಮೆ ಮಾಡಿದೆ ಅನ್ನುವುದು ನನ್ನ ಮನಸ್ಸಿಗೆ ಬಂದಿರಲಿಲ್ಲ. ಡೈರಿಯಲ್ಲಿ ಇದನ್ನು ಸೇರಿಸುತ್ತೇನೆ.

ಮನೆಯಲ್ಲಿ ನಾನು ಹೋದಾಗ ಆ ಅಕ್ಕಾರು ಮತ್ತು ಮಲಗಿದ್ದ ಮಗು ಮಾತ್ರ ಇದ್ದರು. ಅದು ನನ್ನ ಅದೃಷ್ಟ, ನಾನು ಯೋಚಿಸಿ ಮಾಡಿದ್ದಲ್ಲ. ಒಂದು ಕೇಳಬೇಕಿತ್ತು: ಸಂಜೆ ತೂಗುವುದು ಬಿಡಿಸಿದ ಕಾಯಿಯನ್ನೋ, ಅಥವಾ ಕೊಡುವಾಗಲೇ ಚೀಲ ತೂಗಿ ಕೊಡುತ್ತಾರೋ? ನನ್ನ ಟಿಪ್ಪಣಿಯಲ್ಲಿ ಸ್ಪಷ್ಟ ಇಲ್ಲ.

---

ಮೋಟೆಬೆನ್ನೂರ ಮಂಜು

ಅಂಗಡಿಗೊಂದ ರೀತಿ ಐತ್ರಿ. ನಮ್ಮವ್ವ ಹೋಗ್ತಿದ್ದಲ್ಲಿ ಬಿಡಿಸಿದ ಕಾಯಿ ತೂಗ್ತಿದ್ರು. ತುಂಬು ಹೋತು, ಒಂದಿಷ್ಟ ಬೀಜ ಉದುರಿ ಹೋತು, ಅದರ ತೂಕ ಅಕಿಗೆ ಬರಂಗಿಲ್ಲ. ಬ್ಯಾರೆ ಕಡೆ ಹೆಂಗೋ ನನಗ ಗೊತ್ತಿಲ್ಲ. ಕೇಳ್ರಿ, ಅದನ್ನ ಅವ್ರು ಬರೋಬ್ಬರಿ ಹೇಳ್ತಾರ. ‘ಅಭಿಪ್ರಾಯ ಏನು’ ಅಂದ್ರ ಸುಮ್ಮನಾಗ್ತಾರ, ‘ತಕ್ಕಡಿ ಯಾವಾಗ ಹಚ್ತಾರ’ ಅಂದ್ರ ತಾಸುಗಟ್ಟಲೆ ಹೇಳ್ತಾರ.

---

ಸರ್ವೇ ಬಸಣ್ಣ

ನಾನು ಮನೆಮನೆ ಸಮೀಕ್ಷೆಯಲ್ಲಿ ಕೆಲಸ ಮಾಡಿದವನು. 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್ ಅನ್ನುವ ದುಡಿಮೆ ಸಮೀಕ್ಷೆಯಲ್ಲಿ ನಾವು ಹಿಂದಿನ 7 ದಿನಗಳನ್ನು ಒಂದೊಂದಾಗಿ ಕೇಳುತ್ತೇವೆ, ಜೊತೆಗೆ ಹಿಂದಿನ 365 ದಿನಗಳಲ್ಲಿ ಮುಖ್ಯವಾಗಿ ಏನು ಮಾಡಿದಿರಿ ಅಂತಲೂ ಕೇಳುತ್ತೇವೆ. ‘ನಿನ್ನೆ’ ಎಂದು ಕೇಳುವ ಉಪಾಯವನ್ನು ಇವರು ಹೊಸದಾಗಿ ಕಂಡುಹಿಡಿದಂತೆ ಬರೆದಿದ್ದಾರೆ, ಸರ್ಕಾರಿ ಸಮೀಕ್ಷೆಯಲ್ಲಿ ಮೊದಲಿಂದ ಇದೆ.

ಆದರೆ ಒಂದು ಎಚ್ಚರಿಕೆ. ಪಟ್ಟಿ ಬಿಟ್ಟು ಒಬ್ಬೊಬ್ಬರಿಗೆ ಒಂದೊಂದು ಥರ ಕೇಳಿದರೆ ಹೋಲಿಸುವುದು ಹೇಗೆ? ಎಲ್ಲರಿಗೂ ಅದೇ ಶಬ್ದಗಳಲ್ಲಿ, ಅದೇ ಕ್ರಮದಲ್ಲಿ ಕೇಳಬೇಕು. ಇಲ್ಲದಿದ್ದರೆ ಅದು ಅಧ್ಯಯನ ಆಗುವುದಿಲ್ಲ, ಹರಟೆ ಆಗುತ್ತದೆ.

ಇನ್ನೊಂದು ನನ್ನ ಅನುಭವ. ಮನೆಯಲ್ಲಿ ಚೀಲ ತಂದು ಬಿಡಿಸುವ ಹೆಣ್ಣುಮಗಳನ್ನು ‘ಏನು ಕೆಲಸ ಮಾಡ್ತೀರಿ’ ಅಂದರೆ ‘ಏನೂ ಇಲ್ರಿ, ಮನ್ಯಾಗ ಇರ್ತೀನಿ’ ಅಂತಾಳೆ. ಗಂಡನೂ ಹಾಗೇ ಅಂತಾನೆ. ಅಂಗಳದಲ್ಲಿ ಕೆಂಪು ರಾಶಿ ಕಣ್ಣಿಗೆ ಕಾಣುತ್ತಿರುತ್ತದೆ. ಅದನ್ನು ತೋರಿಸಿ ಮತ್ತೆ ಕೇಳಿದ ಮೇಲೆ ‘ಅದs, ತುಂಬು ಬಿಡಸ್ತೀನಿ’ ಅಂತಾಳೆ. ಕಣ್ಣಿಟ್ಟು ನೋಡದ ಎಣಿಕೆದಾರ ಅವಳನ್ನು ದುಡಿಯದವಳು ಅಂತ ಬರೆದುಕೊಂಡು ಹೋಗುತ್ತಾನೆ.

---

ಮಾಳಮಡ್ಡಿ

ಬಸಣ್ಣಾರ, ಕೊನೆಯದು ಬಂಗಾರದಂಥ ಮಾತು. ಕಣ್ಣಿಗೆ ಕಂಡದ್ದನ್ನು ಪ್ರಶ್ನೆ ಮಾಡಬೇಕು.

ನಡುವಿನ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಾವಿರಾರು ಮನೆಗಳ ಸಮೀಕ್ಷೆಗೆ ಅದೇ ಶಬ್ದ, ಅದೇ ಕ್ರಮ ಬೇಕೇ ಬೇಕು, ಯಾಕೆಂದರೆ ಅಲ್ಲಿ ಉತ್ತರಗಳನ್ನು ಎಣಿಸುತ್ತಾರೆ. ತಂಗಿ ಎಣಿಸಲು ಹೋಗಿಲ್ಲ. ರಾಶಿ ಹೇಗೆ ಹಂಚಿಕೆಯಾಗುತ್ತದೆ, ಮುಂಗಡ ಹೇಗೆ ಮುರಿಯುತ್ತಾರೆ ಅಂತ ತಿಳಿಯಲು ಹೋಗಿದ್ದಾಳೆ. ಆದರೂ ನಿಮ್ಮ ಮಾತಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಇದೆ. ಎಲ್ಲರ ಜೊತೆ ಮಾತಿನಲ್ಲಿ ಬರಲೇಬೇಕಾದ ನಾಲ್ಕೈದು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಎದ್ದು ಬರುವ ಮೊದಲು ನೋಡಿಕೊಳ್ಳಬೇಕು. ಶಬ್ದ, ಕ್ರಮ ಅವರವರ ಮಾತು ಹೋದ ಹಾಗೆ.

ತಂಗಿ, ‘ನಿನ್ನೆ’ ಪ್ರಶ್ನೆಗೂ ಮಿತಿ ಇದೆ. ನಿನ್ನೆ ಮೊಮ್ಮಗಳಿಗೆ ಜ್ವರ ಇತ್ತು. ಆ ಒಂದು ದಿನ ಹಿಡಿದು 140 ರೂಪಾಯಿಯೇ ನಿಜವಾದ ಕೂಲಿ ಅಂದರೆ, 300 ಅಂದವರ ತಪ್ಪನ್ನೇ ಇನ್ನೊಂದು ಕಡೆಯಿಂದ ಮಾಡಿದಂತೆ. ನಿನ್ನೆ ಆದ ಮೇಲೆ ‘ಹೋದ ಪೇಟೆ ದಿನ ಹೇಗಿತ್ತು’ ಅಂತ ಕೇಳು. ಸೋಮವಾರ, ಗುರುವಾರ ಪೇಟೆ, ಆದ್ದರಿಂದ ಅದು ದೂರದ ನೆನಪಲ್ಲ. ಆಮೇಲೆ ‘ಕೆಲಸ ಸಿಗದೆ ತಿರುಗಿ ಬಂದ ದಿನ ಯಾವುದು’ ಅಂತ ಕೇಳು. ಈ ಮೂರು ದಿನಗಳ ನಡುವಿನ ಅಂತರವೇ ಅವರ ಆದಾಯದ ಚಿತ್ರ. ಇನ್ನೂ ಹಿಂದೆ ಹೋಗಬೇಕಾದರೆ ತಿಂಗಳ ಹೆಸರಿನಿಂದ ಕೇಳಬೇಡ. ಬನದ ಹುಣ್ಣಿವಿ ಮುಂದೆ ಎಷ್ಟು ಮಾಲು ಬರುತ್ತಿತ್ತು, ಶಿವರಾತ್ರಿ ಹೊತ್ತಿಗೆ ಹೇಗಿತ್ತು, ಯುಗಾದಿ ಆದ ಮೇಲೆ ಕೆಲಸ ಎಲ್ಲಿಗೆ ಬಂತು ಅಂತ ಕೇಳಿದರೆ ನೆನಪು ಬಿಚ್ಚಿಕೊಳ್ಳುತ್ತದೆ. ಅಷ್ಟಾದರೂ ಹಳೆಯ ದಿನಗಳ ಕಿಲೋ ಲೆಕ್ಕವನ್ನು ನಂಬಬೇಡ, ‘ಹೆಚ್ಚಿತ್ತು, ಕಡಿಮೆ ಇತ್ತು’ ಅನ್ನುವಷ್ಟು ತಗೋ.

‘ರೂಢಿ ಆಗೇತ್ರಿ’ ಆದ ಮೇಲೆ ಉಸಿರೆಳೆದದ್ದು ಕೇಳಿಸಿತು ಅಂದೆಯಲ್ಲ, ಅಲ್ಲಿ ಏನೂ ಕೇಳದೆ ಸುಮ್ಮನೆ ಇರಬೇಕಿತ್ತು. ಮನಸ್ಸಿನಲ್ಲೇ ಐದರ ತನಕ ಎಣಿಸು. ಮೊದಮೊದಲು ಬಹಳ ಉದ್ದ ಅನಿಸುತ್ತದೆ, ಎದುರಿನವರಿಗೆ ಅನಿಸುವುದಿಲ್ಲ. ಆಗಲೂ ಮಾತು ಬರದಿದ್ದರೆ ಅವರ ಮಾತನ್ನೇ ಎತ್ತಿ, ‘ರೂಢಿ ಆಗೂಕಿಂತ ಮೊದಲು ಹೆಂಗಿತ್ರಿ?’ ಅಂದರೆ ಸಾಕು.

ಕೊನೆಗೆ ಒಂದು ಕೇಳುತ್ತೇನೆ. ಒಪ್ಪಿಗೆ ಹೇಗೆ ತೆಗೆದುಕೊಂಡೆ?

---

ಬೆಟಗೇರಿ ಓದುಗಿ

ವಿಭಾಗದಿಂದ ಕೊಟ್ಟ ಒಂದು ಪುಟದ ಪತ್ರ ಇತ್ತು ಮೇಡಂ. ಅಂಗಡಿಯಲ್ಲಿ ಅದನ್ನು ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡೆ. ಇಬ್ಬರು ‘ಇದು ಯಾತರದ್ದು, ಸಾಲದ್ದೇನು’ ಅಂತ ಕೇಳಿದ್ದರು. ನಾನು ಅಲ್ಲ ಅಂತ ಹೇಳಿ ಮುಂದುವರಿದೆ.

---

ಮಾಳಮಡ್ಡಿ

ಮುಂಗಡದ ಮೇಲೆ ದುಡಿಯುವವರಿಗೆ, ಮುಂಗಡ ಕೊಟ್ಟವರ ಅಂಗಡಿಯಲ್ಲಿ, ಕಾಗದದ ಮೇಲೆ ಹೆಬ್ಬೆಟ್ಟು. ಅವರು ಕೇಳಿದ ಪ್ರಶ್ನೆಯಲ್ಲೇ ಅವರ ಆತಂಕ ಇತ್ತು. ಬೈಯುತ್ತಿಲ್ಲ, ಪತ್ರ ನಿನ್ನದಲ್ಲ. ಮುಂದಿನ ಸಲ ವಿಭಾಗದಲ್ಲಿ ಮೊದಲೇ ಕೇಳಿ, ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಪಡೆ. ಬೇಡ ಅಂದರೂ ನಡೆಯುತ್ತದೆ, ನಡುವೆ ನಿಲ್ಲಿಸಬಹುದು ಅನ್ನುವುದನ್ನು ಗುಮಾಸ್ತರು ಇಲ್ಲದ ಕಡೆ ಹೇಳಬೇಕು. ಅವರ ಮುಂದೆ ಹೇಳಿದರೆ ಅದಕ್ಕೆ ಬೆಲೆ ಇಲ್ಲ.

ಮತ್ತೆ, ಪ್ರಬಂಧದಲ್ಲಿ ಆ ಅಕ್ಕನ ಹೆಸರು ಬದಲಿಸಿದರೆ ಸಾಲದು. ಮೊಮ್ಮಗಳಿಗೆ ಜ್ವರ, ಹದಿನಾಲ್ಕು ಕಿಲೋ, ಮುಂಗಡ, ಇಂಥ ವಾರ, ಇಷ್ಟಿದ್ದರೆ ಆ ಅಂಗಡಿಯವರಿಗೆ ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಹಾಕಿದ್ದರಲ್ಲೂ ಅದೇ ಚಿಂತೆ ನನಗೆ.

---

ಬೆಟಗೇರಿ ಓದುಗಿ

ಇಲ್ಲಿ ಹಾಕುವ ಮೊದಲು ಮನೆಯ ವಿವರ, ಕಿಲೋ ಲೆಕ್ಕ ಎರಡನ್ನೂ ಸ್ವಲ್ಪ ಬದಲಿಸಿದ್ದೇನೆ ಮೇಡಂ, ನಡೆದದ್ದರ ಸ್ವರೂಪ ಮಾತ್ರ ಹಾಗೆಯೇ ಇದೆ. ಪ್ರಬಂಧದ ಕರಡಿನಲ್ಲಿ ಇನ್ನೂ ಬದಲಿಸಿಲ್ಲ. ಇವತ್ತೇ ಕೂರುತ್ತೇನೆ.

---

ರಾಣೆಬೆನ್ನೂರ ಮಾಸ್ತರ

ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ಕನ್ನಡ ಕಲಿಸುವವನು. ನನ್ನ ಅಭಿಪ್ರಾಯದಲ್ಲಿ ಗ್ರಂಥಸ್ಥ ಕನ್ನಡಕ್ಕೆ ತಂದು ಬರೆಯುವುದೇ ಸರಿ. ನಿಮ್ಮ ಪ್ರಬಂಧವನ್ನು ಮೈಸೂರಿನವರು ಓದಬಹುದು, ಮಂಗಳೂರಿನವರು ಓದಬಹುದು. ‘ಬರಕೊಂಡ್ರು, ಮುರಕೊಂಡ್ರು’ ಅವರಿಗೆ ಹೇಗೆ ತಿಳಿಯಬೇಕು? ಅಷ್ಟೇ ಅಲ್ಲ, ನಿಮ್ಮ ಪ್ರಶ್ನೆ ಶಿಷ್ಟ ಕನ್ನಡದಲ್ಲಿ, ಅವರ ಉತ್ತರ ಆಡುಮಾತಿನಲ್ಲಿ ಅಚ್ಚಾದರೆ ಅವರನ್ನು ಕೆಳಗೆ ಕೂರಿಸಿದಂತೆ ಕಾಣುತ್ತದೆ. ನನಗೆ ಅದು ನೋವಿನ ವಿಷಯ.

---

ಮೋಟೆಬೆನ್ನೂರ ಮಂಜು

ಮಾಸ್ತರ, ನಿಮ್ಮ ಕಳಕಳಿ ತಿಳೀತೈತ್ರಿ. ಆದ್ರ ನಮ್ಮವ್ವನ ಮಾತು ‘ಹೋದೆನು, ಬಂದೆನು’ ಅಂತ ಅಚ್ಚಾದ್ರ ನಮ್ಮವ್ವಗೇ ಅದು ತನ್ನ ಮಾತು ಅಂತ ಗೊತ್ತಾಗಂಗಿಲ್ಲ. ಪ್ರಶ್ನೆನೂ ಅವ್ರು ಹೆಂಗ ಕೇಳಿದ್ರೋ ಹಂಗ ಬರೀಲಿ. ತಂಗಿ ಗದಗಿನವ್ರು, ಮನ್ಯಾಗ ಹೆಂಗೂ ಇದೇ ಮಾತಾಡಿರ್ತಾರ.

---

ಮಾಳಮಡ್ಡಿ

ಮಾಸ್ತರ ಹೇಳಿದ ಅಪಾಯ ನಿಜ. ನಾನು ಇಷ್ಟು ವರ್ಷ ಎರಡು ಹಂತದಲ್ಲಿ ಮಾಡಿಕೊಂಡು ಬಂದಿದ್ದೇನೆ. ವಿಶ್ಲೇಷಣೆಗೆ ಇಟ್ಟುಕೊಳ್ಳುವ ಬರಹದಲ್ಲಿ ಆಡಿದ್ದು ಆಡಿದ ಹಾಗೆ, ತಡವರಿಕೆ, ನಗು, ಕೆಮ್ಮು ಸಮೇತ. ಯಾಕೆಂದರೆ ತಿದ್ದಿದ ಮೇಲೆ ಮತ್ತೆ ಹಿಂದಕ್ಕೆ ಹೋಗಲು ಆಗುವುದಿಲ್ಲ. ಪ್ರಬಂಧದಲ್ಲಿ ಎತ್ತಿ ಹಾಕುವ ನಾಲ್ಕು ಸಾಲಿಗೆ ಮಾತ್ರ, ಓದುಗರಿಗೆ ಎಡವಟ್ಟಾಗುವ ಕಡೆ ಸ್ವಲ್ಪ ಸಡಿಲ ಮಾಡುತ್ತೇನೆ. ಎಷ್ಟು ಸಡಿಲ ಅಂದರೆ ಅದಕ್ಕೆ ನನ್ನ ಬಳಿ ನಿಯಮ ಇಲ್ಲ. ನನ್ನ ಜೊತೆ ಕೆಲಸ ಮಾಡಿದವರ ಜೊತೆ ಇದೇ ವಿಷಯಕ್ಕೆ ಪ್ರತಿ ಸಲ ವಾದ ಆಗಿದೆ.

---

ರಾಣೆಬೆನ್ನೂರ ಮಾಸ್ತರ

ಇಟ್ಟುಕೊಳ್ಳುವ ಬರಹದಲ್ಲಿ ಹಾಗೆ ಇರಲಿ, ಒಪ್ಪಿದೆ. ಅಚ್ಚಿಗೆ ಹೋಗುವುದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

---

ಬೆಟಗೇರಿ ಓದುಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಮಾರ್ಗದರ್ಶಕರ ಜೊತೆ ಮಾತಾಡಿದೆ. ಅಂಗಡಿಯ ಸಂದರ್ಶನಗಳನ್ನು ಉಳಿಸಲು ಒಪ್ಪಿದರು. ಆದರೆ ಅವುಗಳಿಂದ ಕೂಲಿಯ ಪಟ್ಟಿ ಮಾಡಬಾರದು, ಪ್ರತಿಯೊಂದರ ಜೊತೆ ಯಾರಿದ್ದರು ಅನ್ನುವುದನ್ನು ಬರೆಯಬೇಕು ಅಂದರು. ಬಾಯಿಮಾತಿನ ಒಪ್ಪಿಗೆಗೆ ವಿಭಾಗದಲ್ಲಿ ಅರ್ಜಿ ಕೊಡಬೇಕಂತೆ, ಕೊಡುತ್ತಿದ್ದೇನೆ. ಆಡುಮಾತಿನ ವಿಷಯದಲ್ಲಿ ಅವರು ಮಾಸ್ತರ ಪಕ್ಷ. ಮುರಕೊಂಡ್ರು ಅನ್ನುವ ಸಾಲನ್ನಾದರೂ ಹಾಗೆಯೇ ಬಿಡಿ ಅಂತ ಕೇಳಿಕೊಂಡಿದ್ದೇನೆ, ಇನ್ನೂ ಏನೂ ಹೇಳಿಲ್ಲ.

ಗುರುವಾರ ಮತ್ತೆ ಬ್ಯಾಡಗಿಗೆ ಹೋಗುತ್ತೇನೆ. ಈ ಸಲ ಯಾರನ್ನೂ ಕರೆಸುವುದಿಲ್ಲ, ರಾಶಿಯ ಹತ್ತಿರವೇ ಕೂರುತ್ತೇನೆ. ಮಂಜು ಅಣ್ಣಾರ, ಒಂದು ಕೇಳುವುದಿದೆ. ರಾಶಿಯ ಹತ್ತಿರ ಘಾಟಿಗೆ ಎಲ್ಲರೂ ಸೆರಗು ಬಾಯಿಗೆ ಕಟ್ಟಿಕೊಂಡಿರುತ್ತಾರೆ, ರೆಕಾರ್ಡಿಂಗ್‌ನಲ್ಲಿ ಮಾತು ಮುಚ್ಚಿಹೋಗುತ್ತದೆ. ಫೋನ್ ಎಲ್ಲಿಟ್ಟರೆ ಚೆನ್ನ?

---

ಮೋಟೆಬೆನ್ನೂರ ಮಂಜು

ಚೀಲದ ಮ್ಯಾಲೆ ಇಡಬ್ಯಾಡ್ರಿ, ಚೀಲ ಎಳದಾಗೊಮ್ಮೆ ಗರಗರ ಅಂತೈತಿ. ಅವ್ರ ಬುಟ್ಟಿ ಹಿಂದ, ನೆಲದ ಮ್ಯಾಲೆ ಅರಿವಿ ಮಡಚಿ ಹಾಕಿ ಇಡ್ರಿ. ಫೋನ್ ಬರದಂಗ ಏರೋಪ್ಲೇನ್ ಮೋಡ್ ಹಚ್ರಿ. ಮತ್ತ ಮೊದಲ ಅವ್ರನ್ನ ಕೇಳಿ ಇಡ್ರಿ, ಹಿಂದ ಇಟ್ರ ಮುಚ್ಚಿಟ್ಟಂಗ ಕಾಣತೈತಿ. ಕೈಗೆ ಕೊಬ್ಬರಿ ಎಣ್ಣಿ ಹಚಕೊಂಡು ಕುಂದರ್ರಿ, ಕಣ್ಣಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.